ರಾತ್ರಿ ಮೂರರ ಒಂದು ಹನಿ

ರಾತ್ರಿ ಎರಡೂ ಮುಕ್ಕಾಲಿಗೆ ದಿಂಬಿನಡಿಯ ಫೋನು ನಡುಗುತ್ತದೆ. ಬೆಲ್ಲು ಇಟ್ಟರೆ ಮನೆಯೆಲ್ಲ ಏಳುತ್ತದೆಂದು ಸದ್ದು ತೆಗೆದಿಟ್ಟ ಅಲಾರಂ ಅದು. ತಾಯಿ ಎದ್ದು, ಟಾರ್ಚಿನ ಬಾಯಿಗೆ ಕರ್ಚೀಫು ಸುತ್ತಿ, ಪಕ್ಕದಲ್ಲಿ ಮಲಗಿದ ಮಗಳ ಕೈಯನ್ನು ಹೊದಿಕೆಯಿಂದ ಮೆಲ್ಲಗೆ ಎಳೆದುಕೊಳ್ಳುತ್ತಾಳೆ. ಒದ್ದೆ ಬಟ್ಟೆಯಿಂದ ಬೆರಳು ಒರೆಸಿ, ಒಣ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ತುದಿಗೆ ಅಲ್ಲ, ತುದಿಯ ಬದಿಗೆ ಸೂಜಿ ತಾಕಿಸುತ್ತಾಳೆ. ಹೆಸರುಕಾಳಿಗಿಂತ ಚಿಕ್ಕ ಒಂದು ಹನಿ ರಕ್ತ ಬರುತ್ತದೆ. ಸ್ಟ್ರಿಪ್ಪು ಅದನ್ನು ಹೀರಿಕೊಂಡ ಮೇಲೆ ಐದು ಸೆಕೆಂಡಿಗೆ ಮೀಟರಿನ ಮೇಲೆ ಒಂದು ಸಂಖ್ಯೆ ಮೂಡುತ್ತದೆ. ಮಗು ಮಗ್ಗುಲು ಬದಲಿಸಿ ಮತ್ತೆ ನಿದ್ದೆಗೆ ಜಾರುತ್ತದೆ. ತಾಯಿಗೆ ನಿದ್ದೆ ಬರುವುದು, ಬಾರದಿರುವುದು ಆ ಸಂಖ್ಯೆಯ ಮೇಲೆ ನಿಂತಿದೆ.

ಟೈಪ್ 1 ಮಧುಮೇಹ ಇರುವ ಚಿಕ್ಕ ಮಕ್ಕಳ ಮನೆಗಳಲ್ಲಿ ಇದು ಹೊಸ ದೃಶ್ಯವೇನಲ್ಲ. ಅಜ್ಜ ಅಜ್ಜಿಯರಿಗೆ ಬರುವ ಸಕ್ಕರೆ ಕಾಯಿಲೆ ಬೇರೆ, ಇದು ಬೇರೆ. ಇಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶ ಮಾಡಿರುತ್ತದೆ. ಮಾತ್ರೆಯಿಂದ, ಪಥ್ಯದಿಂದ ಆಗುವುದಿಲ್ಲ. ಬದುಕಲು ಹೊರಗಿನಿಂದ ಇನ್ಸುಲಿನ್ ಬೇಕೇ ಬೇಕು. 1995ರಿಂದ 2008ರವರೆಗೆ ಲೆಕ್ಕ ಇಟ್ಟ ಕರ್ನಾಟಕದ ಮಧುಮೇಹ ನೋಂದಣಿಯಲ್ಲಿ ವರ್ಷಕ್ಕೆ ಲಕ್ಷಕ್ಕೆ ನಾಲ್ಕರ ಆಸುಪಾಸು ಹೊಸ ಪ್ರಕರಣಗಳು ಕಂಡಿವೆ. ಸಂಖ್ಯೆ ಸಣ್ಣದು. ಹಾಗಾಗಿಯೇ ಊರಿನಲ್ಲಿ ಇಂಥ ಇನ್ನೊಂದು ಮನೆ ಸಿಗುವುದು ಅಪರೂಪ, ರಾತ್ರಿ ಏನು ಮಾಡಬೇಕೆಂದು ಕೇಳಲು ಪಕ್ಕದ ಮನೆಯವರೂ ಇರುವುದಿಲ್ಲ.

ಹಗಲಿನಲ್ಲಿ ಸಕ್ಕರೆ ಇಳಿದರೆ ಮಗು ಹೇಗೋ ತಿಳಿಸುತ್ತದೆ. ಕೈ ನಡುಗುತ್ತದೆ, ಮುಖ ಬಿಳಿಚುತ್ತದೆ, ಕಾರಣವಿಲ್ಲದೆ ರೇಗುತ್ತದೆ, 'ಅಮ್ಮಾ ಹಸಿವು' ಅನ್ನುತ್ತದೆ. ಈ ಎಚ್ಚರಿಕೆಯ ಗಂಟೆ ಬಾರಿಸುವುದು ಬಹುಮಟ್ಟಿಗೆ ಅಡ್ರಿನಲಿನ್ ಎಂಬ ಹಾರ್ಮೋನು. ನಿದ್ದೆಯಲ್ಲಿ ಈ ಗಂಟೆ ಮೆತ್ತಗಾಗುತ್ತದೆ. ಅಮೆರಿಕದ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗಾಢ ನಿದ್ದೆಯಲ್ಲಿದ್ದವರ ಸಕ್ಕರೆಯನ್ನು ಇಳಿಸಿದಾಗ ಅಡ್ರಿನಲಿನ್ ಹೆಚ್ಚುಕಡಿಮೆ ಮಿಸುಕಲೇ ಇಲ್ಲ. ಅದೇ ಜನ ಎಚ್ಚರವಿದ್ದಾಗ ಚೆನ್ನಾಗಿಯೇ ಏರಿತ್ತು. ಹದಿಹರೆಯದವರು ಮತ್ತು ವಯಸ್ಕರ ಮೇಲೆ ನಡೆದ ಅಮೆರಿಕದ ಇನ್ನೊಂದು ಪ್ರಸಿದ್ಧ ಅಧ್ಯಯನದಲ್ಲಿ ತೀವ್ರ ಕುಸಿತಗಳ ಪೈಕಿ ಶೇ 55ರಷ್ಟು ಆದದ್ದು ನಿದ್ದೆಯಲ್ಲೇ. 'ಸಕ್ಕರೆ ಕಡಿಮೆಯಾದರೆ ಅವಳೇ ಎದ್ದು ಅಳುತ್ತಾಳೆ ಬಿಡಿ' ಎಂದು ನಂಬಿ ಕೂರಲು ಆಗದಿರುವುದು ಇದಕ್ಕೇ. ಕತ್ತು ಬೆವತಿರುವುದು, ನಿದ್ದೆಯಲ್ಲಿ ಕನವರಿಸುವುದು, ಬೆಳಿಗ್ಗೆ ತಲೆನೋವೆಂದು ಏಳುವುದು ಇವೆಲ್ಲ ಸುಳಿವುಗಳು ಹೌದು. ಆದರೆ ಇವು ಯಾವುವೂ ಇಲ್ಲದೆ ಸಕ್ಕರೆ 55ಕ್ಕೆ ಬಂದು ಹೋಗಿರಬಹುದು.

ವಿಷಯವನ್ನು ಒಂದು ಮನೆಯೊಳಗೆ ಇಟ್ಟು ನೋಡಿದರೆ ಸುಲಭ. ಲೆಕ್ಕಕ್ಕಾಗಿ ಕಟ್ಟಿಕೊಂಡ ಮನೆ ಇದು, ತುಮಕೂರಿನಲ್ಲಿದೆ ಎಂದುಕೊಳ್ಳೋಣ. ಮಗಳಿಗೆ ಆರು ವರ್ಷ, ತೂಕ 20 ಕೆಜಿ. ಮೂರು ಹೊತ್ತು ಊಟದ ಮುಂಚೆ ಬೇಗ ಕೆಲಸ ಮಾಡುವ ಇನ್ಸುಲಿನ್, ರಾತ್ರಿ ಎಂಟೂವರೆಗೆ 24 ಗಂಟೆ ನಿಧಾನವಾಗಿ ಕೆಲಸ ಮಾಡುವ ಗ್ಲಾರ್ಜಿನ್ 6 ಯೂನಿಟ್. ಈ ಪ್ರಮಾಣಗಳು ಆ ಮಗುವಿನವು. ಓದುವವರ ಮನೆಯ ಮಗುವಿಗೆ ಅದರ ವೈದ್ಯರು ಬರೆದುಕೊಟ್ಟದ್ದೇ ಲೆಕ್ಕ.

ಅವತ್ತು ಭಾನುವಾರ. ಚಿಕ್ಕಮ್ಮನ ಮಕ್ಕಳು ಬಂದಿದ್ದರು. ಸಂಜೆ ಐದರಿಂದ ಏಳರವರೆಗೆ ಬೀದಿಯಲ್ಲಿ ಲಗೋರಿ, ಕಣ್ಣಾಮುಚ್ಚಾಲೆ, ಓಟವೋ ಓಟ. ಎಂಟಕ್ಕೆ ಒಂದು ಚಪಾತಿ, ಸ್ವಲ್ಪ ಅನ್ನ ಸಾರು, ಅದಕ್ಕೆ ಎರಡೂವರೆ ಯೂನಿಟ್. ಒಂಬತ್ತೂವರೆಗೆ ಮಲಗುವ ಮುಂಚೆ ನೋಡಿದರೆ ಮೀಟರಿನಲ್ಲಿ 112.

ಚೆನ್ನಾಗಿದೆ ಅನಿಸುವ ಸಂಖ್ಯೆ ಅದು. 70ರಿಂದ 180ರ ಒಳಗಿದ್ದರೆ ಸರಿ ಎಂದು ವೈದ್ಯರೇ ಹೇಳಿದ್ದಾರೆ. ಬೆಳಿಗ್ಗೆ ಶಾಲೆಗೆ ಹೊರಡುವಾಗ 112 ಬಂದಿದ್ದರೆ ಯಾರೂ ಯೋಚಿಸುತ್ತಿರಲಿಲ್ಲ. ಮಲಗುವಾಗಿನ 112ರ ಕತೆ ಬೇರೆ. ಊಟಕ್ಕೆ ಹಾಕಿದ ಇನ್ಸುಲಿನ್ನಿಗೆ ಇನ್ನೂ ಒಂದೂವರೆ ಗಂಟೆ ಮಾತ್ರ ಆಗಿದೆ; ಅದು ಮೂರರಿಂದ ಐದು ಗಂಟೆ ಕೆಲಸ ಮಾಡುವ ಔಷಧ, ಅರ್ಧದಷ್ಟಾದರೂ ಇನ್ನೂ ಬಾಕಿ ಇದೆ. ಜೊತೆಗೆ ಸಂಜೆಯ ಓಟ. ಆಟದಲ್ಲಿ ಸ್ನಾಯುಗಳು ತಮ್ಮ ಸಕ್ಕರೆಯ ದಾಸ್ತಾನನ್ನು ಖಾಲಿ ಮಾಡಿಕೊಂಡಿರುತ್ತವೆ, ರಾತ್ರಿಯೆಲ್ಲ ರಕ್ತದಿಂದ ಎಳೆದುಕೊಂಡು ಅದನ್ನು ತುಂಬಿಸಿಕೊಳ್ಳುತ್ತವೆ. ಜೋರಾದ ಆಟದ ನಂತರ ಸಕ್ಕರೆಯ ಬೇಡಿಕೆ ಎರಡು ಸಲ ಏರುತ್ತದೆ. ಒಂದು, ಆಟ ಮುಗಿದ ತಕ್ಷಣ. ಇನ್ನೊಂದು, ಏಳರಿಂದ ಹನ್ನೊಂದು ಗಂಟೆಗಳ ನಂತರ. ಸಂಜೆಯ ಆಟಕ್ಕೆ ಈ ಎರಡನೆಯದು ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ ಬಂದು ಬೀಳುತ್ತದೆ. ಲಗೋರಿ ಆಡಿದ್ದು ಐದಕ್ಕಾದರೂ ಅದರ ಬಿಲ್ಲು ಬರುವುದು ಮೂರಕ್ಕೆ.

ಇನ್ನೊಂದು ಸಣ್ಣ ವಿಷಯ, ಆದರೆ ಮರೆಯುವಂಥದ್ದಲ್ಲ. ಮೀಟರು ತಕ್ಕಡಿಯಲ್ಲ. 100ಕ್ಕಿಂತ ಕಡಿಮೆ ಇರುವಾಗ ಅಂತರರಾಷ್ಟ್ರೀಯ ಮಾನದಂಡವೇ ಹದಿನೈದು ಅಂಕಿಯಷ್ಟು ಆಚೀಚೆ ಇರಲು ಬಿಡುತ್ತದೆ. ಮೀಟರು 80 ಅಂದರೆ ನಿಜ 65 ಇರಬಹುದು, 95ಉ ಇರಬಹುದು. ಇದಕ್ಕಿಂತ ದೊಡ್ಡ ಮೋಸ ಬೆರಳಿನದು. ಬಾಳೆಹಣ್ಣು ಸುಲಿದ ಕೈ, ಮಾವಿನ ರಸ ಮೆತ್ತಿದ ಕೈ ತೊಳೆಯದೆ ಚುಚ್ಚಿದರೆ, ಚರ್ಮದ ಮೇಲಿನ ಸಕ್ಕರೆಯೇ ಹನಿಗೆ ಸೇರಿ ಮೀಟರು 240 ಎಂದು ತೋರಿಸಿಬಿಡಬಹುದು. ಆ ಸಂಖ್ಯೆ ನಂಬಿ ರಾತ್ರಿ ಹತ್ತಕ್ಕೆ ಇನ್ಸುಲಿನ್ ಕೊಟ್ಟರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ನೀರು ಸಾಕು, ಸೋಪು ಇದ್ದರೆ ಇನ್ನೂ ಒಳ್ಳೆಯದು, ಒರೆಸಿ ಒಣಗಿಸುವುದು ಮುಖ್ಯ. ತೊಳೆಯಲಾಗದಿದ್ದರೆ ಮೊದಲ ಹನಿ ಒರೆಸಿ ಎರಡನೆಯದನ್ನು ಸ್ಟ್ರಿಪ್ಪಿಗೆ ಕೊಡಬೇಕು. ನಂಬಲಾಗದ ಸಂಖ್ಯೆ ಬಂದರೆ ಕೈ ತೊಳೆಸಿ ಇನ್ನೊಂದು ಸ್ಟ್ರಿಪ್ಪು ಖರ್ಚು ಮಾಡುವುದು ದಂಡವಲ್ಲ.

ಈಗ ಪ್ರಶ್ನೆ: 112 ಇರುವ ಮಗುವಿಗೆ ಏನಾದರೂ ತಿನ್ನಿಸಿ ಮಲಗಿಸಬೇಕೆ?

ನಮ್ಮ ಮನೆಗಳಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಮಲಗುವ ಮುಂಚೆ ಹಾಲು ಕುಡಿಸದಿದ್ದರೆ ಮಗುವನ್ನು ಹಸಿದು ಮಲಗಿಸಿದ ಪಾಪ ಬರುತ್ತದೆಂದು ನಂಬಿದವರು ನಾವು. ಹಿಂದೆ ವೈದ್ಯರೂ ಇದನ್ನೇ ಹೇಳುತ್ತಿದ್ದರು, ಅವರಿಗೆ ಕಾರಣವಿತ್ತು. ಆಗ ಬಳಕೆಯಲ್ಲಿದ್ದದ್ದು ಎನ್‌ಪಿಎಚ್ ಎಂಬ, ನೋಡಲು ಹಾಲಿನಂತೆ ಮಬ್ಬಾಗಿರುವ ಇನ್ಸುಲಿನ್. ಸಂಜೆ ಕೊಟ್ಟರೆ ಅದರ ಜೋರು ನಡುರಾತ್ರಿಯ ಸುತ್ತ ಏರುತ್ತದೆ. ಆ ಹೊತ್ತಿಗೆ ಹೊಟ್ಟೆಯಲ್ಲಿ ಏನಾದರೂ ಇರಲೇಬೇಕು. ಈಗಲೂ ಕಡಿಮೆ ಬೆಲೆಗೆ ಸಿಗುವ ಈ ಇನ್ಸುಲಿನ್ ಅಥವಾ ಬೆರೆಸಿದ 30/70 ತೆಗೆದುಕೊಳ್ಳುವ ಮಕ್ಕಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಮಲಗುವಾಗಿನ ತಿಂಡಿ ಆ ಚಿಕಿತ್ಸೆಯದೇ ಭಾಗ, ಬಿಡುವಂತಿಲ್ಲ. ಗ್ಲಾರ್ಜಿನ್‌ನಂಥ ಸಮತಟ್ಟಾದ ಇನ್ಸುಲಿನ್‌ಗಳಲ್ಲಿ ಅಂಥ ದೊಡ್ಡ ಏರಿಲ್ಲ. ಹಾಗಾಗಿ ದಿನಾ ರಾತ್ರಿ ತಿನ್ನಿಸಲೇಬೇಕೆಂಬ ನಿಯಮವೂ ಹೋಯಿತು. ಬೇಕೋ ಬೇಡವೋ ಎಂಬುದನ್ನು ಮೀಟರು ಹೇಳುತ್ತದೆ.

ಕೆನಡಾದಲ್ಲಿ ವಯಸ್ಕರ ಮೇಲೆ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಸರಳವಾಗಿ ಬಿಡಿಸಿಟ್ಟಿತು. ಮಲಗುವಾಗ 180 ದಾಟಿದ್ದರೆ ತಿಂಡಿ ಬೇಡ. 126ರಿಂದ 180ರ ನಡುವೆ ಇದ್ದರೆ ಯಾವ ಸಣ್ಣ ತಿಂಡಿಯಾದರೂ ಆದೀತು. 126ಕ್ಕಿಂತ ಕೆಳಗಿದ್ದರೆ ತಿಂಡಿ ಬೇಕು, ಅದರಲ್ಲಿ ಬರೀ ಸಕ್ಕರೆಯಲ್ಲ, ಮಾಮೂಲಿ ಪಿಷ್ಟದ ತಿಂಡಿ ಅಥವಾ ಪ್ರೋಟೀನು ಸೇರಿದ್ದು ಇರಬೇಕು. ಇದು ದೊಡ್ಡವರ ಲೆಕ್ಕ. ಮಕ್ಕಳ ವೈದ್ಯರು ತಮ್ಮ ಗೆರೆಯನ್ನು ಆಯಾ ಮಗುವಿಗೆ ತಕ್ಕಂತೆ ಸ್ವಲ್ಪ ಮೇಲೆ ಕೆಳಗೆ ಎಳೆಯುತ್ತಾರೆ. ಆದರೆ ದಾರಿ ಇದೇ.

ನಮ್ಮ ತುಮಕೂರಿನ ಮಗು 112, ಮೇಲೆ ಎರಡು ಗಂಟೆ ಆಟ. ತಿಂಡಿ ಬೇಕು. ಯಾವುದು?

ಇಲ್ಲಿ ತಿಂಡಿಯ ಕೆಲಸವೇನೆಂದು ನೋಡಿಕೊಂಡರೆ ಆಯ್ಕೆ ತಾನಾಗಿ ಆಗುತ್ತದೆ. ಸಕ್ಕರೆಯನ್ನು ಈಗಿಂದೀಗ ಏರಿಸಬೇಕಿಲ್ಲ, ನಾಲ್ಕೈದು ಗಂಟೆ ಸಣ್ಣ ಉರಿಯಲ್ಲಿ ಕಾಯಿಸುತ್ತಿರಬೇಕು. ಸಕ್ಕರೆ ನೀರು, ಜ್ಯೂಸು ಭರ್ರನೆ ಏರಿಸಿ ಒಂದು ಗಂಟೆಯಲ್ಲಿ ಮುಗಿದುಹೋಗುತ್ತವೆ. ಹಾಲು ಹಾಗಲ್ಲ. ಒಂದು ಲೋಟ, ಅಂದರೆ 200 ಮಿಲಿ ಹಾಲಿನಲ್ಲಿ ಹತ್ತು ಗ್ರಾಂ ಆಸುಪಾಸು ಹಾಲಿನದೇ ಸಕ್ಕರೆ ಇದೆ. ಜೊತೆಗಿರುವ ಪ್ರೋಟೀನು, ಕೊಬ್ಬು ಹೊಟ್ಟೆ ಬೇಗ ಖಾಲಿಯಾಗದಂತೆ ತಡೆಯುತ್ತವೆ. ಅಜ್ಜಿಯ ಹಾಲಿನ ಲೋಟ ತಪ್ಪಲ್ಲ. ತಪ್ಪಿರುವುದು ಅದಕ್ಕೆ ಬೀಳುವ ಎರಡು ಚಮಚ ಸಕ್ಕರೆಯಲ್ಲಿ, ಇಲ್ಲವೇ ಎರಡು ಚಮಚ ಮಾಲ್ಟ್ ಪುಡಿಯಲ್ಲಿ. ಡಬ್ಬದ ಮೇಲೆ ಎಷ್ಟೇ ಶಕ್ತಿಯ ಮಾತಿದ್ದರೂ ಆ ಪುಡಿಯ ಬಹುಪಾಲು ಸಕ್ಕರೆ ಮತ್ತು ಪಿಷ್ಟ. ಹಾಲಿನ ಲೆಕ್ಕವನ್ನು ಅದು ಎರಡು ಪಟ್ಟಿಗೂ ಮೀರಿಸುತ್ತದೆ.

ಆ ತಾಯಿ ಮುಕ್ಕಾಲು ಲೋಟ ಸಪ್ಪೆ ಹಾಲು ಕೊಟ್ಟಳು, ಜೊತೆಗೆ ಅರ್ಧ ಚಪಾತಿಗೆ ಶೇಂಗಾ ಚಟ್ನಿಪುಡಿ, ತುಪ್ಪ ಸವರಿ ಸುರುಳಿ ಸುತ್ತಿ ಕೊಟ್ಟಳು. ಹಾಲಿನಿಂದ ಏಳೆಂಟು ಗ್ರಾಂ, ಚಪಾತಿಯಿಂದ ಹತ್ತು ಗ್ರಾಂ, ಒಟ್ಟು ಹದಿನೇಳರ ಸುತ್ತ ಕಾರ್ಬೋಹೈಡ್ರೇಟು. ಇದಕ್ಕೆ ಇನ್ಸುಲಿನ್ ಹಾಕಲಿಲ್ಲ, ಹಾಕಿದ್ದರೆ ಕೊಟ್ಟ ಉದ್ದೇಶವೇ ಕೆಡುತ್ತಿತ್ತು. ಚಪಾತಿ ಮಿಗದ ದಿನ ಒಂದು ಇಡ್ಲಿ, ಇಲ್ಲವೇ ಒಂದು ದೊಡ್ಡ ಚಮಚ ರಾಗಿಹಿಟ್ಟು ಹಾಲಿನಲ್ಲಿ ಕಾಯಿಸಿದ ಗಂಜಿ, ಇಲ್ಲವೇ ನಾಲ್ಕು ತುತ್ತು ಮೊಸರನ್ನ ಇದೇ ಕೆಲಸ ಮಾಡುತ್ತವೆ. ರಾಗಿ ಎಂದ ಕೂಡಲೇ ಸಕ್ಕರೆ ಏರುವುದೇ ಇಲ್ಲ ಎಂದು ನಂಬುವವರಿದ್ದಾರೆ. ರಾಗಿಹಿಟ್ಟಿನ ಮೂರನೇ ಎರಡು ಪಾಲಿಗಿಂತ ಹೆಚ್ಚು ಪಿಷ್ಟವೇ; ನುಣ್ಣಗೆ ಬೀಸಿ ನೀರಾಗಿ ಕಾಯಿಸಿದಷ್ಟೂ ಅದು ಬೇಗ ಏರಿಸುತ್ತದೆ. ಬೆಲ್ಲ ಹಾಕಿದರಂತೂ ಅದು ಸಿಹಿಯೇ. ಇಡೀ ಶೇಂಗಾ ಬೀಜ ಐದು ವರ್ಷದೊಳಗಿನ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುವ ವಸ್ತು, ಅದೂ ನಿದ್ದೆಗಣ್ಣಿನಲ್ಲಿ. ಪುಡಿ ಮಾಡಿಯೇ ಕೊಡಬೇಕು.

ಅದೇ ಮಗು ಇನ್ನೊಂದು ದಿನ ಮಲಗುವಾಗ 210 ಇದ್ದು 'ಹಸಿವಾಗ್ತೈತೆ' ಅಂದರೆ? ಉಪವಾಸ ಮಲಗಿಸಬೇಕಿಲ್ಲ. ಬೇಯಿಸಿದ ಮೊಟ್ಟೆಯ ತುಂಡು, ಸೌತೆಕಾಯಿ, ಒಂದಿಷ್ಟು ಪನೀರು ಹೊಟ್ಟೆ ತುಂಬಿಸುತ್ತವೆ, ಸಕ್ಕರೆಯನ್ನು ಅಷ್ಟಾಗಿ ಏರಿಸುವುದಿಲ್ಲ. ಆದರೆ 210 ನೋಡಿ ಗಾಬರಿಯಾಗಿ ಇನ್ಸುಲಿನ್ ಏರಿಸುವ ಮುಂಚೆ ಗಡಿಯಾರ ನೋಡಬೇಕು. ಊಟದ ಇನ್ಸುಲಿನ್ ಇನ್ನೂ ಕೆಲಸದಲ್ಲಿದ್ದರೆ ಅದರ ಮೇಲೆ ಇನ್ನೊಂದು ಹೇರಿದಂತಾಗುತ್ತದೆ. ಎರಡೂ ಕೂಡಿ ಜಗ್ಗುವುದು ನಡುರಾತ್ರಿಯಲ್ಲಿ. ಈ ಮೈಗೆ ಅರ್ಧ ಯೂನಿಟ್ ಕೂಡ 50–60 ಅಂಕಿ ಇಳಿಸಬಲ್ಲದು.

ಅವತ್ತಿನ ರಾತ್ರಿಗೆ ಬರೋಣ. ಹನ್ನೆರಡಕ್ಕೆ 138. ಮೂರಕ್ಕೆ 84. ಹನ್ನೆರಡರಿಂದ ಮೂರರವರೆಗೆ 54 ಅಂಕಿ ಇಳಿದಿದೆ, ಸೂರ್ಯ ಹುಟ್ಟಲು ಇನ್ನೂ ಮೂರು ಗಂಟೆಯಿದೆ. 84 ಕುಸಿತವಲ್ಲ, ಆದರೆ ಇಳಿಯುತ್ತಿರುವ 84. ಏರುತ್ತಿರುವ 84 ಆಗಿದ್ದರೆ ತಾಯಿ ಮಲಗಿಬಿಡಬಹುದಿತ್ತು. ಆಟ ಆಡಿದ ದಿನ 90ರ ಕೆಳಗೆ ಬಂದರೆ ಅರ್ಧ ಲೋಟ ಹಾಲು ಎಂದು ಅವಳ ವೈದ್ಯರು ಬರೆದುಕೊಟ್ಟಿದ್ದರು. ಎಬ್ಬಿಸಿ ಕೂರಿಸಿ, ಗೋಡೆಗೆ ಒರಗಿಸಿ ಕುಡಿಸಿದಳು. ಬೆಳಿಗ್ಗೆ 103.

ಹೀಗೆ ಸರಾಗವಾಗಿ ಮುಗಿಯದ ರಾತ್ರಿಗಳೂ ಇರುತ್ತವೆ. ಮೂರಕ್ಕೆ 84ರ ಬದಲು 58 ಬಂತೆನ್ನಿ. ಆಗ ಹಾಲು, ಚಪಾತಿ, ಚಾಕಲೇಟು ಯಾವುದೂ ಅಲ್ಲ. ಅವುಗಳ ಕೊಬ್ಬು ಸಕ್ಕರೆಯನ್ನು ತಡಮಾಡುತ್ತದೆ. ಈಗ ಬೇಕಿರುವುದು ಬರೀ ಗ್ಲುಕೋಸು ಅಥವಾ ಸಕ್ಕರೆ, ಮಗುವಿನ ಪ್ರತಿ ಕೆಜಿ ತೂಕಕ್ಕೆ 0.3 ಗ್ರಾಂ. 20 ಕೆಜಿಗೆ 6 ಗ್ರಾಂ, ಅಂದರೆ ಒಂದೂಕಾಲು ಚಹಾ ಚಮಚ ಗ್ಲುಕೋಸ್ ಪುಡಿ ಸ್ವಲ್ಪ ನೀರಿನಲ್ಲಿ. ಮಲಗಿಸಿಕೊಂಡು ಸುರಿಯಬಾರದು, ಎಬ್ಬಿಸಿ, ಕೂರಿಸಿ, ಗುಟುಕು ಗುಟುಕಾಗಿ. ಹದಿನೈದು ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಬೇಕು. 70 ದಾಟದಿದ್ದರೆ ಅಷ್ಟೇ ಪ್ರಮಾಣ ಇನ್ನೊಮ್ಮೆ. ದಾಟಿದರೆ, ಬೆಳಗಿನ ತಿಂಡಿ ದೂರವಿರುವುದರಿಂದ, ಅರ್ಧ ಲೋಟ ಹಾಲು.

ಬರೆಯಲು ಸುಲಭ. ಆ ಹದಿನೈದು ನಿಮಿಷ ಕಾಯುವುದು ಮಾತ್ರ ಯಾವ ತಾಯಿಗೂ ಸುಲಭವಲ್ಲ. ಮಗುವಿನ ಕಣ್ಣು ತೇಲುತ್ತಿದೆ, ಮಾತು ತೊದಲುತ್ತಿದೆ. ಗಡಿಯಾರದ ಮುಳ್ಳು ಕದಲುತ್ತಿಲ್ಲ. ಇನ್ನೆರಡು ಚಮಚ, ಎರಡು ಬಿಸ್ಕತ್ತು, ಒಂದು ಲೋಟ ಹಾಲು ಎಂದು ಕೈ ತಾನೇ ಓಡುತ್ತದೆ. ಓಡಿದರೆ ಆಗುವುದು ಇದು: ಬೆಳಿಗ್ಗೆ ಆರಕ್ಕೆ ಮೀಟರಿನಲ್ಲಿ 318.

ಅಷ್ಟರಲ್ಲಿ ಅತ್ತೆ ಎದ್ದು ಬರುತ್ತಾರೆ. 'ಬೆಳಿಗ್ಗೇನೇ ಮುನ್ನೂರು ದಾಟೈತಲ್ಲಮ್ಮ, ರಾತ್ರಿ ಸೂಜಿ ಸಾಕಾಗ್ತಿಲ್ಲ ಕಣೆ. ಇನ್ನೊಂಚೂರು ಜಾಸ್ತಿ ಹಾಕು.'

'ಡಾಕ್ಟ್ರನ್ನ ಕೇಳ್ದೆ ಮುಟ್ಟಲ್ಲ ಅತ್ತೆ. ಮೂರು ಗಂಟೆಗೆ ಐವತ್ತೆಂಟಿತ್ತು.'

ಅತ್ತೆಯ ಮಾತಿನಲ್ಲಿ ತಪ್ಪೇನೂ ಕಾಣುವುದಿಲ್ಲ. ಬರೀ ಬೆಳಗಿನ ಸಂಖ್ಯೆ ನೋಡಿದ ಯಾರಿಗಾದರೂ, ಎಷ್ಟೋ ಸಲ ವೈದ್ಯರಿಗೂ, ಹಾಗೇ ಅನಿಸುವುದು. 58ರ ಸುದ್ದಿ ಗೊತ್ತಿಲ್ಲದೆ ಗ್ಲಾರ್ಜಿನ್ ಏರಿಸಿದ್ದರೆ ಮಾರನೆಯ ರಾತ್ರಿ 58 ಹೋಗಿ 40 ಆಗುತ್ತಿತ್ತು. ನಡುರಾತ್ರಿಯ ಆ ಒಂದು ಸ್ಟ್ರಿಪ್ಪಿನ ಬೆಲೆ ಇಲ್ಲಿದೆ.

ಹಂಗೇರಿಯಲ್ಲಿ ಹುಟ್ಟಿ ಅಮೆರಿಕದ ಸೇಂಟ್ ಲೂಯಿಯಲ್ಲಿ ನೆಲೆಸಿದ್ದ ಮೈಕೆಲ್ ಸೊಮೋಗಿ ಎಂಬ ಜೀವರಸಾಯನ ವಿಜ್ಞಾನಿ 1930ರ ದಶಕದಲ್ಲಿ ಒಂದು ವಾದ ಮುಂದಿಟ್ಟ: ರಾತ್ರಿ ಸಕ್ಕರೆ ಇಳಿದರೆ ದೇಹ ತಾನೇ ಹಾರ್ಮೋನುಗಳನ್ನು ಸುರಿದು ಯಕೃತ್ತಿನಿಂದ ಸಕ್ಕರೆ ಬಿಡಿಸುತ್ತದೆ, ಹಾಗಾಗಿ ಬೆಳಿಗ್ಗೆ ಏರಿರುತ್ತದೆ. ಕೇಳಲು ಚೆಂದದ ವಾದ. ದಶಕಗಟ್ಟಲೆ ಪಠ್ಯಪುಸ್ತಕಗಳಲ್ಲಿ ನಿಂತಿತು. ಚರ್ಮಕ್ಕೆ ಅಂಟಿಸುವ ಸೆನ್ಸರುಗಳು ಬಂದು ಇಡೀ ರಾತ್ರಿಯನ್ನು ಗೆರೆ ಎಳೆದು ತೋರಿಸತೊಡಗಿದ ಮೇಲೆ, ಹೀಗಾಗುವುದು ಅಪರೂಪ ಎಂದು ಗೊತ್ತಾಗಿದೆ. ಬೆಳಿಗ್ಗೆ ಸಕ್ಕರೆ ಏರಿದ್ದರೆ ಹೆಚ್ಚಿನ ಸಲ ಕಾರಣ ರಾತ್ರಿ ಇನ್ಸುಲಿನ್ ಕಡಿಮೆಯಾದದ್ದು, ಇಲ್ಲವೇ ಬೆಳಗಿನ ಜಾವದಲ್ಲಿ ಬೆಳವಣಿಗೆಯ ಹಾರ್ಮೋನು, ಕಾರ್ಟಿಸಾಲ್ ಸಹಜವಾಗಿ ಏರುವುದು, ಇಲ್ಲವೇ ಮೇಲೆ ಕಂಡಂತೆ ಭಯದಲ್ಲಿ ತಿನ್ನಿಸಿದ ಬಿಸ್ಕತ್ತು. ತೀರಾ ಚಿಕ್ಕ ಮಕ್ಕಳಲ್ಲಿ ಇನ್ನೊಂದು ತಿರುವಿದೆ. ಅವರಿಗೆ ಇನ್ಸುಲಿನ್ ಹೆಚ್ಚು ಬೇಕಾಗುವುದು ಬೆಳಗಿನ ಜಾವಕ್ಕಲ್ಲ, ರಾತ್ರಿ ಒಂಬತ್ತರಿಂದ ಹನ್ನೆರಡರವರೆಗೆ. ಆಮೇಲೆ ಬೇಡಿಕೆ ಇಳಿಯುತ್ತದೆ. ಹತ್ತು ಗಂಟೆಗೆ 220 ಇದ್ದ ನಾಲ್ಕು ವರ್ಷದ ಮಗು ಮೂರಕ್ಕೆ 70ಕ್ಕೆ ಬರುವುದು ಹೀಗೆ.

ಸೆನ್ಸರಿನ ಮಾತು ಬಂತು. ತೋಳಿಗೆ ಅಂಟಿಸಿ ಹದಿನಾಲ್ಕು ದಿನ ಇಟ್ಟುಕೊಳ್ಳುವ, ಫೋನಿನಲ್ಲಿ ಸಂಖ್ಯೆ ತೋರಿಸುವ, ಇಳಿದರೆ ಕೂಗುವ ಸಾಧನ ಕೊಳ್ಳಲು ಆಗುವವರಿಗೆ ರಾತ್ರಿಯ ಎಚ್ಚರ ಎಷ್ಟೋ ಹಗುರವಾಗಿದೆ. ಆದರೂ ಅದರ ಒಂದು ಚೇಷ್ಟೆ ತಿಳಿದಿರಬೇಕು. ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಮಗು ಸೆನ್ಸರು ಇರುವ ತೋಳಿನ ಮೇಲೇ ಮಲಗಿದರೆ ಆ ಜಾಗ ಒತ್ತಿ ಹಿಡಿದು, 130 ಇದ್ದದ್ದು ಇದ್ದಕ್ಕಿದ್ದಂತೆ 52 ಎಂದು ಕೂಗಿಬಿಡುತ್ತದೆ. ನಿಜವಾದ ಇಳಿತ ಇಳಿಜಾರಿನಂತಿರುತ್ತದೆ, ಇದು ಬಾವಿಗೆ ಬಿದ್ದಂತೆ. ಮಗುವನ್ನು ಮಗ್ಗುಲು ಹೊರಳಿಸಿ, ಬೆರಳಿನ ಹನಿಯಲ್ಲಿ ಒಮ್ಮೆ ನೋಡಿ, ಆಮೇಲೆ ಸಕ್ಕರೆ ಡಬ್ಬ ತೆಗೆಯುವುದು ಒಳ್ಳೆಯದು. ಹಾಗೆಂದು ಮಗು ಬೆವತು ತೊದಲುತ್ತಿದ್ದರೆ ಮೀಟರು ಹುಡುಕುತ್ತ ಕೂರಬಾರದು, ಮೊದಲು ಸಕ್ಕರೆ.

ವಿದೇಶದಲ್ಲಿರುವ ನೆಂಟರ ಜೊತೆ ಸಂಖ್ಯೆ ಹಂಚಿಕೊಳ್ಳುವವರಿಗೊಂದು ಮಾತು. ಲಂಡನ್ನು, ಮೆಲ್ಬರ್ನ್‌ಗಳ ಮೀಟರುಗಳ ಅಳತೆಯೇ ಬೇರೆ. ಅಲ್ಲಿನ ಅತ್ತಿಗೆ ಫೋನಿನಲ್ಲಿ 'ಇವನಿಗೆ ಆರು ಇದೆ, ಆರಾಮಾಗಿದ್ದಾನೆ' ಅಂದರೆ ಎದೆ ಒಡೆದುಕೊಳ್ಳಬೇಕಿಲ್ಲ. 18ರಿಂದ ಗುಣಿಸಿದರೆ ನಮ್ಮ 108.

ಇನ್ನು ಮಗು ಎಬ್ಬಿಸಿದರೂ ಏಳದಿದ್ದರೆ, ಫಿಟ್ಸ್ ಬಂದರೆ. ಆಗ ಬಾಯಿಗೆ ನೀರು, ಸಕ್ಕರೆ, ಜೇನು ಏನನ್ನೂ ಹಾಕಬಾರದು; ಅದು ಶ್ವಾಸಕೋಶಕ್ಕೆ ಇಳಿದರೆ ಎರಡನೇ ಅಪಾಯ. ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಗ್ಲುಕಗಾನ್ ಇಂಜೆಕ್ಷನ್ ಮನೆಯಲ್ಲಿದ್ದರೆ 25 ಕೆಜಿಯೊಳಗಿನ ಮಗುವಿಗೆ ಅರ್ಧ ಮಿಲಿಗ್ರಾಂ, ಮೇಲ್ಪಟ್ಟವರಿಗೆ ಒಂದು ಮಿಲಿಗ್ರಾಂ ತೊಡೆಗೆ. ಪುಡಿಯನ್ನು ದ್ರವದಲ್ಲಿ ಬೆರೆಸಿ ಎಳೆಯುವ ಕ್ರಮವನ್ನು ವೈದ್ಯರ ಮುಂದೆಯೇ ಒಮ್ಮೆ ಮಾಡಿ ನೋಡಿರಬೇಕು, ನಡುರಾತ್ರಿಯ ಭಯದಲ್ಲಿ ಕಲಿಯಲು ಆಗದು. ನಮ್ಮ ಊರುಗಳಲ್ಲಿ ಅದು ಎಲ್ಲ ಔಷಧದಂಗಡಿಯಲ್ಲೂ ಸಿಗುವುದಿಲ್ಲ. ಇಲ್ಲದಿದ್ದರೆ 108, ಇಲ್ಲವೇ ಕೈಗೆ ಸಿಕ್ಕ ಗಾಡಿ; ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಗ್ಲುಕೋಸು ಕೊಡುತ್ತಾರೆ.

ಕಾರಣವೇ ತಿಳಿಯದೆ ಮೇಲಿಂದ ಮೇಲೆ ರಾತ್ರಿ ಕುಸಿತವಾಗುತ್ತಿದ್ದರೆ ಸಿರಿಂಜನ್ನೊಮ್ಮೆ ನೋಡುವುದು ಒಳ್ಳೆಯದು. ನಮ್ಮಲ್ಲಿ ಇನ್ಸುಲಿನ್ ಎರಡು ಸಾಂದ್ರತೆಯಲ್ಲಿ ಬರುತ್ತದೆ, ಮಿಲಿಗೆ 40 ಯೂನಿಟ್ಟಿನದು ಮತ್ತು 100ರದು. 40ರದಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ರದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 6ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 15 ಯೂನಿಟ್. ಅಂಗಡಿಯವನು ಅದಿಲ್ಲ ಇದನ್ನು ತಗೊಳ್ಳಿ ಎಂದು ಬದಲಿಸಿ ಕೊಟ್ಟ ದಿನ ಆಗುವ ತಪ್ಪು ಇದು.

ದಿನಾ ಮೂರಕ್ಕೆ ಏಳಬೇಕೆ ಎಂದು ಕೇಳುವ ತಾಯಂದಿರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ. ಎಲ್ಲ ರಾತ್ರಿಯೂ ಒಂದೇ ಅಲ್ಲ. ಜೋರು ಆಟದ ದಿನ, ಹಗಲಿನಲ್ಲಿ ಒಮ್ಮೆ ಸಕ್ಕರೆ ಕುಸಿದ ದಿನ, ಇನ್ಸುಲಿನ್ ಪ್ರಮಾಣ ಬದಲಿಸಿದ ಮೊದಲ ರಾತ್ರಿಗಳು, ಮಲಗುವಾಗಿನ ಸಂಖ್ಯೆ ಗೆರೆಗಿಂತ ಕೆಳಗಿದ್ದ ದಿನ, ಮಗು ಜ್ವರ ವಾಂತಿಯಲ್ಲಿ ಮಲಗಿದ ದಿನ ಏಳಲೇಬೇಕು. ಜ್ವರದ ದಿನ ಭಯ ಎರಡೂ ಕಡೆಯದು: ತಿನ್ನದಿದ್ದರೆ ಕುಸಿತ, ಇನ್ಸುಲಿನ್ ನಿಲ್ಲಿಸಿದರೆ ಕೀಟೋನು. ಊಟ ಬಿಟ್ಟರೂ ನಿಧಾನದ ಇನ್ಸುಲಿನ್ ಬಿಡುವಂತಿಲ್ಲ. ಹೊಟ್ಟೆನೋವು, ಆಳವಾದ ಉಸಿರು, ನಿಲ್ಲದ ವಾಂತಿ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಇವು ಯಾವುವೂ ಇಲ್ಲದ ಸಾಧಾರಣ ವಾರಗಳಲ್ಲಿ ಎಷ್ಟು ರಾತ್ರಿ ಏಳಬೇಕೆಂಬುದನ್ನು ವೈದ್ಯರ ಜೊತೆ ಕೂತು ತೀರ್ಮಾನಿಸಿಕೊಳ್ಳಬಹುದು, ಗಂಡ ಹೆಂಡತಿ ಸರದಿ ಹಾಕಿಕೊಳ್ಳಬಹುದು. ವಾಸ್ತವದಲ್ಲಿ ಸರದಿ ಬರುವುದು ಬಹುಪಾಲು ಮನೆಗಳಲ್ಲಿ ಒಬ್ಬರಿಗೇ. ಅದು ಯಾರಿಗೆಂದು ಹೇಳಬೇಕಿಲ್ಲ.

ತುಮಕೂರಿನ ಆ ತಾಯಿ ಒಂದು ನೋಟುಬುಕ್ಕು ಇಟ್ಟಿದ್ದಳು. ಬರೀ ಸಂಖ್ಯೆಯಲ್ಲ, ಪಕ್ಕದಲ್ಲಿ ಒಂದೆರಡು ಪದ: 'ಲಗೋರಿ 2 ಗಂಟೆ', 'ಮುಕ್ಕಾಲು ಲೋಟ ಹಾಲು, ½ ಚಪಾತಿ', '3ಕ್ಕೆ 84'. ತಿಂಗಳ ಭೇಟಿಯಲ್ಲಿ ವೈದ್ಯರು ಹಾಳೆ ತಿರುಗಿಸಿದರು. ಆಟವಿಲ್ಲದ, ತಿಂಡಿ ಕೊಡದ ನಾಲ್ಕು ರಾತ್ರಿಗಳಲ್ಲೂ ಮೂರಕ್ಕೆ 70–80ಕ್ಕೆ ಬಂದಿತ್ತು. ತಿಂಡಿ ಕೊಟ್ಟ ರಾತ್ರಿಗಳು ಮಾತ್ರ ಚೆನ್ನಾಗಿದ್ದವು. ಹಾಗೆಂದರೆ ಮಗು ಹಾಲು ಕುಡಿಯುತ್ತಿದ್ದದ್ದು ಹಸಿವಿಗಲ್ಲ, ಹೆಚ್ಚಾಗಿದ್ದ ಇನ್ಸುಲಿನ್ನಿಗೆ. ಗ್ಲಾರ್ಜಿನ್ 6ರಿಂದ 5ಕ್ಕೆ ಇಳಿಯಿತು, ಆಟದ ದಿನ ರಾತ್ರಿ ಊಟದ್ದರಲ್ಲಿ ಅರ್ಧ ಯೂನಿಟ್ ಕಡಿಮೆ ಮಾಡುವ ಸೂಚನೆ ಸೇರಿತು, ಕುಸಿತ ಮುಂದುವರಿದರೆ ಗ್ಲಾರ್ಜಿನ್‌ನ್ನು ಬೆಳಿಗ್ಗೆಗೆ ಬದಲಿಸುವ ಮಾತೂ ಆಯಿತು.

ಮುಂದಿನ ಭೇಟಿಗೆ ಹೋಗುವಾಗ ಮೀಟರಿನ ಜೊತೆ ಇಂಥದೊಂದು ಪುಸ್ತಕವನ್ನೂ ಒಯ್ಯಿರಿ. ಕೊನೆಯ ಹದಿನೈದು ರಾತ್ರಿಗಳದ್ದು ಸಾಕು: ಮಲಗುವಾಗಿನ ಸಂಖ್ಯೆ, ತಿನ್ನಿಸಿದ್ದು, ನೋಡಿದ ದಿನ ಮೂರರದ್ದು, ಬೆಳಗಿನದು. ಮೀಟರಿನ ನೆನಪಿನಲ್ಲಿ ಸಂಖ್ಯೆ ಇರುತ್ತದೆ, ಲಗೋರಿ ಇರುವುದಿಲ್ಲ.